ಬಾಕಿ ಅರ್ಜಿಗಳ ಜಾಡು: ಶೀಟ್, ರೆಡ್‌ಮೈನ್ ಮತ್ತು ಫಾರ್ಮ್

ನಾನು ಕೆಲಸ ಮಾಡುವ ಸಣ್ಣ ಪತ್ತಿನ ಸಹಕಾರ ಸಂಘದಲ್ಲಿ ನಾಮಿನಿ ಬದಲಾವಣೆ, ವಿಳಾಸ ತಿದ್ದುಪಡಿ, ಷೇರು ವರ್ಗಾವಣೆಯಂತಹ ಅರ್ಜಿಗಳು ದಾಖಲೆಗಳಿಗಾಗಿ ಕಾಯುತ್ತ ಬಾಕಿ ಉಳಿಯುವುದು ಸಾಮಾನ್ಯ. ಇವುಗಳ ಜಾಡನ್ನು ಇಡಲು ಮೂರು ವಿಧಾನಗಳನ್ನು ಬಳಸಿ ನೋಡಿದ ಮೇಲೆ, ಪ್ರತಿ ಪರಿಶೀಲನೆಯನ್ನೂ ಗೂಗಲ್ ಫಾರ್ಮ್ ಮೂಲಕ ಹೊಸ ಸಾಲಾಗಿ ಬರೆಯುವ ಪದ್ಧತಿಗೇ ನಾನು ಅಂಟಿಕೊಂಡಿದ್ದೇನೆ.

ಮೊದಲು ಇದ್ದದ್ದು ಎಲ್ಲರೂ ತಿದ್ದಬಹುದಾದ ಒಂದೇ ಗೂಗಲ್ ಶೀಟ್. ಅರ್ಜಿಗೆ ಒಂದು ಸಾಲು, ಸ್ಥಿತಿಗೆ ಒಂದು ಕಾಲಂ, ಕೊನೆಯಲ್ಲಿ ಷರಾ. ಯಾರು ಏನು ಬದಲಿಸಿದರು ಎಂಬುದನ್ನು ಶೀಟ್ ತಾನೇ ನೆನಪಿಡುತ್ತದೆ ಎಂಬ ಭರವಸೆಯಿಂದ ಇದನ್ನು ಆಯ್ದುಕೊಂಡಿದ್ದೆವು. ಒಮ್ಮೆ ಒಂದು ನಾಮಿನಿ ಅರ್ಜಿ ‘ದಾಖಲೆ ಬಾಕಿ’ಯಿಂದ ‘ಅನುಮೋದಿತ’ಕ್ಕೆ ಹೋಗಿತ್ತು, ಸದಸ್ಯರ ಮಗ ಬಂದು, ಯಾವ ದಾಖಲೆ ನೋಡಿ ಅನುಮೋದಿಸಿದಿರಿ ಎಂದು ಕೇಳಿದರು. ಆವೃತ್ತಿಗಳ ಇತಿಹಾಸವನ್ನು ತೆರೆದರೆ, ಆ ದಿನ ಹಾಳೆಯ ಬಹುಪಾಲು ಮನೆಗಳು, ಅಂದರೆ ಸೆಲ್‌ಗಳು, ಒಬ್ಬ ಗುಮಾಸ್ತರ ಹೆಸರಿನಲ್ಲೇ ಬದಲಾದಂತೆ ಬಣ್ಣ ಹಚ್ಚಿಕೊಂಡು ನಿಂತಿದ್ದವು. ಅವರು ಮಾಡಿದ್ದು ಇಷ್ಟೇ: ಬಾಕಿ ಅರ್ಜಿಗಳು ಮೇಲೆ ಕಾಣಲಿ ಎಂದು ಹಾಳೆಯನ್ನು ಸ್ಥಿತಿಯ ಪ್ರಕಾರ ವಿಂಗಡಿಸಿದ್ದರು.

ತೊಡಕಿನ ಮೂಲ ಇಲ್ಲಿದೆ. ಶೀಟ್‌ನ ಇತಿಹಾಸಕ್ಕೆ ಗೊತ್ತಿರುವುದು ಮನೆಗಳು ಮಾತ್ರ, ಅರ್ಜಿಗಳಲ್ಲ. ವಿಂಗಡಣೆಯಿಂದ ಅರ್ಜಿ ಹನ್ನೆರಡನೆಯ ಸಾಲಿನಿಂದ ಮೂರನೆಯದಕ್ಕೆ ಹೋದರೆ, ಆ ಎರಡೂ ಸಾಲುಗಳಲ್ಲಿ ಮೌಲ್ಯಗಳು ಬದಲಾದವು ಎಂದಷ್ಟೇ ಅದು ತೋರಿಸುತ್ತದೆ, ನಿಜವಾದ ಒಂದೇ ಒಂದು ತಿದ್ದುಪಡಿ ಆ ಗುಂಪಿನಲ್ಲಿ ಕಳೆದುಹೋಗುತ್ತದೆ. ಒಂದೊಂದು ಮನೆಯ ಇತಿಹಾಸ ನೋಡುವ ಸೌಲಭ್ಯವೂ ಇದೆಯಾದರೂ, ಸಾಲುಗಳನ್ನು ಸೇರಿಸಿದ್ದು ಮತ್ತು ಅಳಿಸಿದ್ದು ಅದರಲ್ಲಿ ಬಾರದೆ ಹೋಗಬಹುದು. ವಿಂಗಡಣೆಯನ್ನು ಪ್ರತ್ಯೇಕ ನೋಟದಲ್ಲಷ್ಟೇ ತೋರಿಸುವ Filter view ಬಳಸಿದರೆ ಮೂಲ ಹಾಳೆ ಕದಲುವುದಿಲ್ಲ, ನಿಜ. ಆದರೆ ಅವಸರದಲ್ಲಿರುವವರು ಅದನ್ನು ನೆನಪಿಟ್ಟು ಬಳಸುತ್ತಾರೆ ಎಂದು ನಂಬಿ ದಾಖಲೆ ಕಾಯಲಾಗದು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಗುಮಾಸ್ತರು ಕಡತ ತೆಗೆದು, ನಾಮಿನಿಯ ಗುರುತಿನ ಪ್ರತಿ ಇನ್ನೂ ಬಂದಿಲ್ಲವೆಂದು ಕಂಡು, ಅರ್ಜಿಯನ್ನು ಹಾಗೆಯೇ ಬಿಟ್ಟರೆ ಶೀಟ್‌ನಲ್ಲಿ ಯಾವ ಗುರುತೂ ಉಳಿಯುವುದಿಲ್ಲ. ಬಾಕಿ ಅರ್ಜಿಗಳ ವಿಷಯದಲ್ಲಿ ಹೆಚ್ಚಿನ ಕೆಲಸ ನಡೆಯುವುದೇ ಹೀಗೆ, ನೋಡಿದರೂ ಏನೂ ಬದಲಾಗದ ರೀತಿಯಲ್ಲಿ. ಹೀಗಾಗಿ ತಿದ್ದುಪಡಿಯ ಇತಿಹಾಸವೊಂದೇ ಇದ್ದರೆ, ಹಲವು ಸಲ ಪರಿಶೀಲಿಸಿದ ಅರ್ಜಿಯೂ ಯಾರೂ ಮುಟ್ಟದ ಅರ್ಜಿಯೂ ಒಂದೇ ರೀತಿ ಕಾಣುತ್ತವೆ.

ಎರಡನೆಯದು ರೆಡ್‌ಮೈನ್. ಇದು ಕೆಲಸಗಳ ಜಾಡು ಇಡುವ ಉಚಿತ ತಂತ್ರಾಂಶ, ಜಾಡಿನ ವಿಷಯದಲ್ಲಿ ಮೂರರಲ್ಲೂ ಗಟ್ಟಿಯಾದದ್ದು. ಪ್ರತಿ ಅರ್ಜಿಯ ಕೆಳಗೆ ಯಾರು, ಯಾವಾಗ, ಯಾವ ಅಂಶವನ್ನು ಯಾವುದರಿಂದ ಯಾವುದಕ್ಕೆ ಬದಲಿಸಿದರು ಎಂಬುದು ಸಾಲಾಗಿ ನಿಲ್ಲುತ್ತದೆ. ಏನನ್ನೂ ಬದಲಿಸದೆ ಟಿಪ್ಪಣಿ ಮಾತ್ರ ಬರೆಯಲೂ ಆಗುತ್ತದೆ. ಆದರೆ ಟಿಪ್ಪಣಿ ಕಡ್ಡಾಯವಲ್ಲ. ‘ಕಾರಣ’ ಎಂಬ ಪ್ರತ್ಯೇಕ ಅಂಶವನ್ನು ಸೇರಿಸಿ, ‘ತಿರಸ್ಕೃತ’ ಸ್ಥಿತಿಗೆ ಅದನ್ನು ಕಡ್ಡಾಯ ಮಾಡಬಹುದು. ಆದರೆ ಅಲ್ಲಿ ಹಿಂದೆ ಬರೆದ ಕಾರಣ ಹಾಗೆಯೇ ಕುಳಿತಿರುವುದರಿಂದ, ಅದೇ ಅರ್ಜಿ ಎರಡನೆಯ ಸಲ ತಿರಸ್ಕೃತವಾದಾಗ ತಂತ್ರಾಂಶ ಹಳೆಯ ಕಾರಣವನ್ನೇ ಒಪ್ಪಿಕೊಳ್ಳುತ್ತದೆ. ಜೊತೆಗೆ ಸರ್ವರ್ ಬಾಡಿಗೆ, ಬ್ಯಾಕಪ್, ಆವೃತ್ತಿ ನವೀಕರಣ ನೋಡಿಕೊಳ್ಳುವವರು ನಮ್ಮಲ್ಲಿ ಇಲ್ಲ.

ಫಾರ್ಮ್‌ನಲ್ಲಿ ಐದೇ ಪ್ರಶ್ನೆಗಳಿವೆ: ಅರ್ಜಿ ಸಂಖ್ಯೆ, ನೋಡಿದ ದಾಖಲೆ, ಹಿಂದಿನ ಸ್ಥಿತಿ, ಈಗಿನ ಸ್ಥಿತಿ, ಕಾರಣ. ಎಲ್ಲವೂ ಕಡ್ಡಾಯ. ಸಮಯ ತಾನಾಗಿ ಬರುತ್ತದೆ, ಲಾಗಿನ್ ಆದವರ ಇಮೇಲ್ ಅನ್ನು ಫಾರ್ಮ್ ದಾಖಲಿಸುವಂತೆ ಹೊಂದಿಸಿದ್ದೇವೆ. ಸ್ಥಿತಿ ಬದಲಾಗದಿದ್ದರೆ ಎರಡೂ ಕಡೆ ‘ದಾಖಲೆ ಬಾಕಿ’ ಎಂದೇ ಬರೆದು, ಕಾರಣದಲ್ಲಿ ‘ನಾಮಿನಿಯ ಗುರುತಿನ ಪ್ರತಿ ಬಂದಿಲ್ಲ, ಸದಸ್ಯರಿಗೆ ಫೋನ್ ಮಾಡಲಾಗಿದೆ’ ಎಂದು ಸೇರಿಸುತ್ತಾರೆ. ಉತ್ತರಗಳ ಹಾಳೆಗೆ `log` ಎಂದು ಹೆಸರಿಟ್ಟು, ಅರ್ಜಿಗಳ ಪಟ್ಟಿಯಿರುವ ಬೇರೆ ಹಾಳೆಯಲ್ಲಿ ಈ ಸೂತ್ರವನ್ನು ಹಾಕಿದರೆ ಪ್ರತಿ ಅರ್ಜಿಯ ಇತ್ತೀಚಿನ ಸ್ಥಿತಿ ಕಾಣುತ್ತದೆ:

```
=XLOOKUP(A2, log!C:C, log!F:F, "", 0, -1)
```

`A2` ಎಂದರೆ ಪಟ್ಟಿಯಲ್ಲಿರುವ ಅರ್ಜಿ ಸಂಖ್ಯೆ, `log` ಹಾಳೆಯಲ್ಲಿ C ಕಾಲಂ ಅರ್ಜಿ ಸಂಖ್ಯೆಯದು, F ಈಗಿನ ಸ್ಥಿತಿಯದು. ಕೊನೆಯ `-1` ಕೆಳಗಿನಿಂದ ಮೇಲಕ್ಕೆ ಹುಡುಕಲು ಹೇಳುತ್ತದೆ. ಹೀಗಾಗಿ ಸ್ಥಿತಿಯನ್ನು ಯಾರೂ ಕೈಯಿಂದ ತಿದ್ದುವುದಿಲ್ಲ, `log` ಹಾಳೆಯನ್ನು ವಿಂಗಡಿಸಲು ಯಾರಿಗೂ ಅನುಮತಿ ಇಲ್ಲ. ಯಾರಾದರೂ ಆ ಹಾಳೆಯಲ್ಲಿ ಒಂದು ಸಾಲನ್ನು ತಿದ್ದಿದರೂ ಮೂಲ ಉತ್ತರ ಫಾರ್ಮ್‌ನೊಳಗೆ ಹಾಗೆಯೇ ಇರುವುದರಿಂದ ಎರಡನ್ನೂ ತಾಳೆ ನೋಡಬಹುದು. ಕಳುಹಿಸಿದ ಉತ್ತರವನ್ನು ಮತ್ತೆ ತಿದ್ದುವ ಸೌಲಭ್ಯವನ್ನು ಮಾತ್ರ ಮುಚ್ಚಿಡಲೇಬೇಕು. ಇಲ್ಲದಿದ್ದರೆ ಹೊಸ ಉತ್ತರ ಅದೇ ಸಾಲಿನ ಮೇಲೆಯೇ ಕೂರುತ್ತದೆ.

ಕಚೇರಿಯ ಒಂದೇ ಲಾಗಿನ್‌ನಲ್ಲಿ ಎಲ್ಲರೂ ಕೆಲಸ ಮಾಡುವ ಕಡೆ ಈ ಮೂರರಲ್ಲಿ ಯಾವುದೂ ‘ಯಾರು’ ಎಂಬುದನ್ನು ಹೇಳಲಾರದು.

ಫಾರ್ಮ್‌ನ ಒಡೆತನ ಇರುವವರು ಉತ್ತರಗಳನ್ನು ಅಳಿಸಬಲ್ಲರು. ಆದ್ದರಿಂದ ಅರ್ಜಿಗಳನ್ನು ನಿರ್ವಹಿಸದ ಒಬ್ಬ ನಿರ್ದೇಶಕರ ಖಾತೆಯಲ್ಲಿ ಅದನ್ನು ಇಟ್ಟಿದ್ದೇವೆ, ತಿಂಗಳ ಕೊನೆಗೆ `log` ಹಾಳೆಯ ಮುದ್ರಿತ ಪ್ರತಿಗೆ ಕಾರ್ಯದರ್ಶಿಗಳು ಸಹಿ ಹಾಕುತ್ತಾರೆ. ನಮ್ಮಷ್ಟು ಕಡಿಮೆ ಅರ್ಜಿಗಳಿಗೆ, ಖರ್ಚಿಲ್ಲದೆ, ಇದು ಸಾಕು. ಹಲವು ಶಾಖೆಗಳಿದ್ದು, ಒಂದೇ ಅರ್ಜಿ ಮೂರು ನಾಲ್ಕು ಮೇಜುಗಳನ್ನು ದಾಟುವ ಸಂಘವಾದರೆ ರೆಡ್‌ಮೈನ್‌ನ ಸರ್ವರ್ ಖರ್ಚನ್ನು ಹೊರುವುದೇ ಮೇಲು.