ಒಬ್ಬರ ತಲೆ ಮೇಲೆ ಮೂರು ಕೆಲಸ: ಲೆವೆಲಿಂಗಾ, ಸ್ಮೂದಿಂಗಾ?

ಟೀಮಿನಲ್ಲಿ ಡೇಟಾಬೇಸ್ ಚೆನ್ನಾಗಿ ಗೊತ್ತಿರುವವರು ಒಬ್ಬರೇ. ಪ್ಲಾನ್ ತೆಗೆದು ನೋಡಿದರೆ ಅವರ ಮೂರು ಕೆಲಸವೂ ಮೊದಲ ದಿನವೇ ಶುರು. ಡೇಟಾ ಮೈಗ್ರೇಷನ್ 5 ದಿನ, ಇದಕ್ಕೆ ಫ್ಲೋಟ್ ಇಲ್ಲವೇ ಇಲ್ಲ, ಅಂದರೆ ಒಂದು ದಿನ ತಡವಾದರೂ ಇಡೀ ಪ್ರಾಜೆಕ್ಟ್ ತಡವಾಗುತ್ತದೆ. ರಿಪೋರ್ಟ್ ಕ್ವೆರಿಗಳು 3 ದಿನ, ಎಷ್ಟೇ ತಡ ಮಾಡಿದರೂ 8ನೇ ದಿನಕ್ಕೆ ಮುಗಿಯಬೇಕು. ಬ್ಯಾಕಪ್ ಟೆಸ್ಟ್ 2 ದಿನ, ಇದು 9ನೇ ದಿನಕ್ಕೆ ಮುಗಿದರೂ ಸಾಕು. ಒಟ್ಟು ಪ್ರಾಜೆಕ್ಟ್ 15 ದಿನ. ಇದೇ ಪ್ಲಾನಿನ ಎರಡು ಕಾಪಿ ಇಟ್ಟುಕೊಂಡು ಎರಡೂ ದಾರಿ ನೋಡಿದೆ.

ಮೊದಲು ಸ್ಮೂದಿಂಗ್. ಇಲ್ಲಿ ಫ್ಲೋಟ್ ಇರುವಷ್ಟು ಮಾತ್ರ ಕೆಲಸ ಸರಿಸಬಹುದು, ಕೊನೆಯ ದಿನಾಂಕ ಮುಟ್ಟುವ ಹಾಗಿಲ್ಲ. (Microsoft Project ಬಳಸುವವರು ಲೆವೆಲಿಂಗ್ ಆಯ್ಕೆಗಳಲ್ಲಿ `Level only within available slack` ಟಿಕ್ ಮಾಡಿದರೆ ಹೆಚ್ಚುಕಡಿಮೆ ಇದೇ ಆಗುತ್ತದೆ.) ಮೈಗ್ರೇಷನ್ 1ರಿಂದ 5, ರಿಪೋರ್ಟ್ 6ರಿಂದ 8, ಬ್ಯಾಕಪ್ 8 ಮತ್ತು 9. ನೋಡಿ, 8ನೇ ದಿನ ಮತ್ತೆ ಎರಡು ಕೆಲಸ ಒಟ್ಟಿಗೆ ಬಂತು. ಹೇಗೆ ತಿರುವಿ ಹಾಕಿದರೂ ಇದನ್ನು ತಪ್ಪಿಸೋಕಾಗಲ್ಲ, ಯಾಕಂದ್ರೆ 9ನೇ ದಿನದೊಳಗೆ ಮುಗಿಯಬೇಕಾದ ಕೆಲಸ 10 ದಿನದ್ದು. ಈ ಕೂಡಿಸೋ ಲೆಕ್ಕವನ್ನು ಮೊದಲೇ ಮಾಡಿಕೊಂಡರೆ ಸ್ಮೂದಿಂಗ್ ಸಾಕಾಗುತ್ತದೋ ಇಲ್ಲವೋ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಇನ್ನೊಂದು ವಿಷಯ, ಫ್ಲೋಟ್ ಪೂರ್ತಿ ಖರ್ಚಾಯಿತು. ಆ ವ್ಯಕ್ತಿ ಒಂದು ದಿನ ರಜೆ ಹಾಕಿದರೂ ಪ್ಲಾನ್ ಕುಸಿಯುತ್ತದೆ.

ಲೆವೆಲಿಂಗ್‌ನಲ್ಲಿ ದಿನಕ್ಕೆ ಒಂದೇ ಕೆಲಸ, ದಿನಾಂಕ ಜರುಗಿದರೆ ಜರುಗಲಿ. ಬ್ಯಾಕಪ್ 9 ಮತ್ತು 10ಕ್ಕೆ ಹೋಯಿತು, ಪ್ರಾಜೆಕ್ಟ್ 16 ದಿನವಾಯಿತು. ನನಗೆ ಇದೇ ಪ್ರಾಮಾಣಿಕ ಪ್ಲಾನ್ ಅನ್ನಿಸಿತು, ಆದರೆ ಇದರಲ್ಲೂ ಒಂದು ಮೋಸ ಇದೆ. ಲೆವೆಲಿಂಗ್ ಆದ ಮೇಲೆ ಮೈಗ್ರೇಷನ್‌ಗೆ ಈಗ 1 ದಿನ ಫ್ಲೋಟ್ ಇದೆ ಅಂತ ಸಾಫ್ಟ್‌ವೇರ್ ತೋರಿಸುತ್ತದೆ. ನಿಜದಲ್ಲಿ ಇಲ್ಲ. ಮೈಗ್ರೇಷನ್ ಒಂದು ದಿನ ಜಾರಿದರೆ ಅದೇ ವ್ಯಕ್ತಿಯ ರಿಪೋರ್ಟ್ ಜಾರುತ್ತದೆ, ಅದರ ಹಿಂದೆ ಬ್ಯಾಕಪ್ ಜಾರುತ್ತದೆ, ಪ್ರಾಜೆಕ್ಟ್ 17ಕ್ಕೆ ಹೋಗುತ್ತದೆ. ಈ ಮೂರನ್ನೂ ಒಬ್ಬರೇ ಮಾಡೋದು ಅನ್ನೋ ನಂಟು ಕೆಲಸಗಳ ಲಿಂಕ್‌ಗಳಲ್ಲಿ ಇಲ್ಲವಲ್ಲ, ಅದಕ್ಕೇ ಫ್ಲೋಟ್ ಲೆಕ್ಕಕ್ಕೆ ಅದು ಸಿಗಲ್ಲ. ಲೆವೆಲ್ ಮಾಡಿದ ಕೂಡಲೇ ಈ ಮೂರಕ್ಕೂ ಒಂದು ಮುಗಿದ ಮೇಲೆ ಇನ್ನೊಂದು ಅನ್ನುವ ಲಿಂಕ್ ಹಾಕಿ, ಆಗ ಕ್ರಿಟಿಕಲ್ ಪಾತ್, ಅಂದರೆ ಪ್ರಾಜೆಕ್ಟ್ ಮುಗಿಯುವ ದಿನವನ್ನು ನಿರ್ಧರಿಸುವ ಕೆಲಸಗಳ ಸಾಲು, ಸರಿಯಾಗಿ ಕಾಣುತ್ತದೆ.

ನನ್ನ ಆಯ್ಕೆ ಹೀಗೆ: ದಿನಾಂಕ ಒಂದು ದಿನ ಸರಿಯಬಹುದಾದರೆ ಲೆವೆಲಿಂಗ್, ಜೊತೆಗೆ ಆ ಲಿಂಕ್‌ಗಳು. ದಿನಾಂಕ ಕಲ್ಲಿನಂತೆ ಗಟ್ಟಿಯಾಗಿದ್ದರೆ ಸ್ಮೂದಿಂಗ್ ಮಾಡಿ, ಆದರೆ ಹೆಚ್ಚಾದ ಆ ಒಂದು ದಿನದ ಕೆಲಸವನ್ನು ಓವರ್‌ಟೈಮ್‌ನಲ್ಲಿ ಸುಮ್ನೆ ಮುಚ್ಚಿಡಬೇಡಿ. ಅಳೆದು ಹೇಳಿ, ಬೇರೆಯವರಿಗೆ ಕೊಡಿ. ಮೈಗ್ರೇಷನ್ ಆ ಒಬ್ಬರಿಂದಲೇ ಆಗಬೇಕು, ಆದರೆ ಬ್ಯಾಕಪ್ ಟೆಸ್ಟ್‌ನ ಹೆಜ್ಜೆಗಳನ್ನು ಅವರು ಮೊದಲೇ ಬರೆದಿಟ್ಟಿದ್ದರೆ ಟೀಮಿನ ಇನ್ನೊಬ್ಬರು ಅದನ್ನು ನಡೆಸಬಹುದು, ಅಲ್ವಾ?