ಕ್ಲ್ಯಾಶ್ ಸೊನ್ನೆ, ಕೈ ತೂರಿಸಲು ಜಾಗವೂ ಸೊನ್ನೆ: ರೆವಿಟ್, ನೇವಿಸ್‌ವರ್ಕ್ಸ್ ಜೊತೆ ನಾಲ್ಕು ವರ್ಷ

ಕಟ್ಟಡದ 3ಡಿ ಮಾದರಿ ಮಾಡುವ ರೆವಿಟ್‌ನಲ್ಲಿ ಕೇಬಲ್ ಟ್ರೇ, ಕಾಂಡ್ಯೂಟ್ ಎಳೆಯುವುದು, ಎಲ್ಲರ ಮಾದರಿಗಳನ್ನು ಸೇರಿಸಿ ನೋಡುವ ನೇವಿಸ್‌ವರ್ಕ್ಸ್‌ನಲ್ಲಿ ಅವು ಎಸಿ ಗಾಳಿಯ ಡಕ್ಟ್‌ಗೆ ತಾಗಿ ಕ್ಲ್ಯಾಶ್ ಆಗುತ್ತವಾ ನೋಡುವುದು. ನನ್ನ ದಿನದ ಕೆಲಸ ಇಷ್ಟೇ.

ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟು, ರೆವಿಟ್‌ನಲ್ಲಿ ಟ್ರೇಗೆ ಅಡ್ಡ ಬಂದ ಡಕ್ಟ್ ಆರಿಸಿ ಮೊದಲು ಒತ್ತುವುದು `BX`. ಆ ಜಾಗ ಮಾತ್ರ ಕತ್ತರಿಸಿ ಕಣ್ಣ ಮುಂದೆ ನಿಲ್ಲುತ್ತದೆ. `SL` ಒತ್ತಿ ಟ್ರೇಯನ್ನು ಎರಡು ಕಡೆ ತುಂಡು ಮಾಡುತ್ತೇನೆ. ಕತ್ತರಿಸಿದಲ್ಲಿ ಜೋಡಣೆ ಬಂದಿದ್ದರೆ ಅಳಿಸಿ, ನಡುವಿನ ತುಂಡನ್ನು ಮೇಲೆತ್ತಿ, ಎರಡೂ ಕಡೆ 45 ಡಿಗ್ರಿಯ ಓರೆ ತುಂಡು ಎಳೆದು `TR` ಕೊಟ್ಟರೆ ಬೆಂಡ್‌ಗಳು ತಾವೇ ಬಂದು ಕೂರುತ್ತವೆ. ಇದು ಇವತ್ತಿಗೂ ಖುಷಿ ಕೊಡುತ್ತದೆ.

ಬೇಜಾರಾಗಿದ್ದು ಒಂದು ಆಸ್ಪತ್ರೆ ಕಟ್ಟಡದ ಕಾರಿಡಾರಿನಲ್ಲಿ. ಮುಖ್ಯ ಡಕ್ಟ್‌ನಿಂದ ರೂಮುಗಳಿಗೆ ಹೋಗುವ ಕವಲು ಡಕ್ಟ್‌ಗಳ ಮೇಲಿಂದ ಟ್ರೇ ದಾಟಿಸಿದ್ದೆ. ನೇವಿಸ್‌ವರ್ಕ್ಸ್‌ನ Clash Detective ನಲ್ಲಿ Hard ಟೆಸ್ಟ್ ಓಡಿಸಿದೆ, ಕ್ಲ್ಯಾಶ್ ಸೊನ್ನೆ. ಸೈಟಿನಲ್ಲಿ ಸ್ಯಾಂಪಲ್‌ಗೆಂದು ಸ್ವಲ್ಪ ದೂರ ಟ್ರೇ ಹಾಕಿದ ಎಲೆಕ್ಟ್ರಿಷಿಯನ್ ಫೋನ್ ಮಾಡಿದರು. "ಸಾರ್, ಟ್ರೇ ಏನೋ ಕೂತಿದೆ. ಕೇಬಲ್ ಹಾಕೋಕೆ ಕೈ ಎಲ್ಲಿಂದ ತೂರಿಸ್ಲಿ?"

ಅಳೆದರೆ ಟ್ರೇಯಿಂದ ಮೇಲಿನ ಬೀಮ್‌ಗೆ 60 ಮಿ.ಮೀ. ಮಾತ್ರ. Hard ಟೆಸ್ಟ್ ನೋಡುವುದು ಒಂದರೊಳಗೊಂದು ನುಗ್ಗಿದೆಯಾ ಅಂತ. ಕೈಗೆ ಜಾಗ ಇದೆಯಾ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಟ್ರೇಗೂ ಕವಲು ಡಕ್ಟ್‌ನ ತಗಡಿಗೂ 20 ಮಿ.ಮೀ. ಬಿಟ್ಟಿದ್ದೆ, ತಗಡಿಗೆ ಸುತ್ತುವ ಇನ್ಸುಲೇಷನ್ 25. ಅದೂ ತಾಗುತ್ತಿತ್ತು! ಟೆಸ್ಟ್‌ನಲ್ಲಿ Ducts ಆರಿಸಿದ್ದೆ, Duct Insulations ಬೇರೆ ಕೆಟಗರಿ ಅನ್ನುವುದನ್ನು ಮರೆತಿದ್ದೆ. ತಪ್ಪು ನನ್ನದೇ, ಬಿಡಿ.

ಪುಣ್ಯಕ್ಕೆ ಉಳಿದ ಕವಲುಗಳು ಇನ್ನೂ ತಯಾರಾಗಿರಲಿಲ್ಲ. ಮುಖ್ಯ ಡಕ್ಟ್‌ನ ಎತ್ತರ 400, ಕವಲಿನದು 150. ಕವಲು ನಡುಮಧ್ಯದಿಂದ ಹೊರಡುತ್ತಿತ್ತು. ಎರಡರ ತಳವನ್ನು ಸಮ ಮಾಡಿಸಿದೆವು, ಕವಲು 125 ಇಳಿಯಿತು. ಇನ್ಸುಲೇಷನ್‌ಗೆ 25 ಬಿಟ್ಟು ಟ್ರೇಯನ್ನು 100 ಇಳಿಸಿದೆ. ಮೇಲೆ 160 ಸಿಕ್ಕಿತು. ಡಕ್ಟ್‌ನವರೂ ತಕರಾರು ಮಾಡಲಿಲ್ಲ.

ಈಗ Hard ಆದಮೇಲೆ, ನಡುವೆ ಬೇಕಾದಷ್ಟು ಅಂತರ ಇದೆಯಾ ಅಂತ ನೋಡುವ Clearance ಟೆಸ್ಟ್ ಕೂಡ 150 ಇಟ್ಟು ಓಡಿಸುತ್ತೇನೆ. ಇಲ್ಲೊಂದು ಕಿರಿಕಿರಿ ಇದೆ. ನನಗೆ ಜಾಗ ಬೇಕಿರುವುದು ಟ್ರೇಯ ಮೇಲೆ, ಟೆಸ್ಟ್ ಎಲ್ಲಾ ದಿಕ್ಕಿಗೂ ಅಳೆಯುತ್ತದೆ. ಪಕ್ಕದಲ್ಲಿ ಸುಮ್ನೆ ಹೋಗುತ್ತಿರುವ ಡಕ್ಟ್ ಕೂಡ ಪಟ್ಟಿಗೆ ಬರುತ್ತದೆ. ಟ್ರೇ ರೆವಿಟ್‌ನೊಳಗೇ ಬರುವ, ಆಕಾರ ತಿದ್ದಲಾಗದ ಸಿಸ್ಟಮ್ ಫ್ಯಾಮಿಲಿ ಆಗಿರುವುದರಿಂದ ಅದರ ಮೇಲೆ ಕೈಜಾಗದ ಡಬ್ಬಿಯೊಂದನ್ನು ಸೇರಿಸಿಡಲೂ ಆಗುವುದಿಲ್ಲ. ಒಂದೊಂದನ್ನೇ ಕಣ್ಣಲ್ಲಿ ನೋಡಿ ಬಿಡಬೇಕು, ಅರ್ಧ ದಿನ ಅಲ್ಲೇ ಹೋಗುತ್ತದೆ.

ನನಗೆ ಲೈಸೆನ್ಸ್ ಆಫೀಸಿನದು. ಸ್ವಂತ ದುಡ್ಡಲ್ಲಿ ಕೊಳ್ಳುವವರು ಅಗ್ಗ ಅಂತ ರೆವಿಟ್ ಎಲ್‌ಟಿ ತಗೋಬೇಡಿ, ಅದರಲ್ಲಿ ಟ್ರೇ ಎಳೆಯುವ ಟೂಲೇ ಇಲ್ಲ. ನೇವಿಸ್‌ವರ್ಕ್ಸ್‌ನಲ್ಲೂ ಕ್ಲ್ಯಾಶ್ ಬೇಕಾದರೆ ಮ್ಯಾನೇಜ್ ಆವೃತ್ತಿಯೇ ಆಗಬೇಕು. ಬಿಟ್ಟಿ ಸಿಗುವ ಫ್ರೀಡಂ ನೋಡುವುದಕ್ಕಷ್ಟೇ. ಆ ಎಲೆಕ್ಟ್ರಿಷಿಯನ್‌ಗೆ ಅದನ್ನೇ ಹಾಕಿಕೊಟ್ಟಿದ್ದೇನೆ. ಈಗ ಟ್ರೇ ಹಾಕುವ ಮೊದಲೇ ಫೋನ್ ಬರುತ್ತದೆ.