ತೊಗರಿ ಬೇಳೆಗೆ ಎರಡು ಸಂದೇಶ: ಹಿರಿಯರು ನಂಬಿದ್ದು ಯಾವುದನ್ನು?

ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ನಮ್ಮ ಸಂಬಂಧಿಕರ ಬೇಳೆ ಅಂಗಡಿ ಇದೆ. ಮನೆಗೆ ಬೇಳೆ ಮುಟ್ಟಿಸುವುದನ್ನು ಶುರು ಮಾಡಿದಾಗ ವಾಟ್ಸಾಪ್ ಸಂದೇಶ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಗಿರಾಕಿಗಳಲ್ಲಿ ಹೆಚ್ಚಿನವರು ಪಿಂಚಣಿದಾರರು. ಎರಡು ಬಗೆಯಲ್ಲಿ ಬರೆದು ಒಂದನ್ನು ಬ್ರಹ್ಮಪುರದ ಕಡೆಗೆ, ಇನ್ನೊಂದನ್ನು ಜೇವರ್ಗಿ ಕಾಲನಿ ಕಡೆಗೆ ಕಳಿಸಿದೆವು. ಆಮೇಲೆ ಅದಲುಬದಲು ಮಾಡಿದೆವು. ಇಲ್ಲದಿದ್ದರೆ ಗೆದ್ದದ್ದು ಬರಹವೋ ಬಡಾವಣೆಯೋ ಗೊತ್ತಾಗುತ್ತಿರಲಿಲ್ಲ.

ಮೊದಲನೆಯದು ಬಣ್ಣದ ಪೋಸ್ಟರ್: “ಕಲಬುರಗಿಯ ಹೆಮ್ಮೆ! ಜಿಐ ಮಾನ್ಯತೆಯ ಪ್ರೀಮಿಯಂ ಅನ್‌ಪಾಲಿಶ್ಡ್ ತೊಗರಿ ಬೇಳೆ. ಇಂದೇ ಬುಕ್ ಮಾಡಿ, 15% ರಿಯಾಯಿತಿ. ಸ್ಟಾಕ್ ಸೀಮಿತ! ಶೀಘ್ರ ವಿತರಣೆ. ಕೆಳಗಿನ ಲಿಂಕ್ ಒತ್ತಿ.”

ಎರಡನೆಯದರಲ್ಲಿ ಚಿತ್ರವೇ ಇಲ್ಲ, ಬರೀ ಅಕ್ಷರ: “ಹೊಸ ಬೆಳೆಯ ತೊಗರಿ ಬೇಳೆ. ಎಣ್ಣೆ, ನೀರು ಹಚ್ಚಿ ಹೊಳಪು ಕೊಟ್ಟಿಲ್ಲ. ಕಿಲೋಕ್ಕೆ 150 ರೂಪಾಯಿ. ಮನೆಗೆ ತಲುಪಿಸಲು 20 ರೂಪಾಯಿ. 5 ಕಿಲೋ ತೊಗೊಂಡರೆ ಒಟ್ಟು 770. ಮಂಗಳವಾರ ಮತ್ತು ಶುಕ್ರವಾರ, ಸಂಜೆ 4ರಿಂದ 6ರೊಳಗೆ ತರುತ್ತೇವೆ. ಬರುವ ಮುಂಚೆ ಫೋನ್ ಮಾಡುತ್ತೇವೆ. ಚೀಲ ಬಿಚ್ಚಿ ನೋಡಿ, ಆಮೇಲೆ ರೊಕ್ಕ ಕೊಡಿ. ಒಟಿಪಿ ಕೇಳುವುದಿಲ್ಲ, ಲಿಂಕ್ ಕಳಿಸುವುದಿಲ್ಲ.” ಕೊನೆಗೆ ಅಂಗಡಿಯ ವಿಳಾಸ, ಫೋನ್ ಎತ್ತುವವರ ಹೆಸರು, ಬಿಡಿಬಿಡಿಯಾಗಿ ಬರೆದ ಫೋನ್ ನಂಬರ್, ಫೋನ್ ಎತ್ತುವ ಹೊತ್ತು.

ಎಷ್ಟು ಜನ ಕೊಂಡರು ಎನ್ನುವುದಕ್ಕಿಂತ ಫೋನಿನಲ್ಲಿ ಏನು ಕೇಳಿದರು ಎನ್ನುವುದನ್ನು ನಾನು ಹೆಚ್ಚು ಗಮನಿಸಿದೆ. ಬರಹದಲ್ಲಿ ಏನು ಇಲ್ಲವೋ ಅದೇ ಅಲ್ಲಿ ಪ್ರಶ್ನೆಯಾಗಿ ಬರುತ್ತದೆ. ಪೋಸ್ಟರ್ ನೋಡಿದವರಲ್ಲಿ ಲಿಂಕ್ ಒತ್ತಿದವರು ವಿರಳ. ಅಂಗಡಿಯ ನಂಬರ್ ಮೊದಲೇ ಇದ್ದವರು ಫೋನ್ ಮಾಡಿ, “ತಮ್ಮಾ, ಇದು ನಿಮ್ಮದೇ ಏನು? ಮೊದಲ ರೊಕ್ಕ ಯಾಕ ಹಾಕಬೇಕು?” ಎಂದರು. ಎರಡನೆಯದನ್ನು ಓದಿದವರ ಮಾತೇ ಬೇರೆ: “ಎರಡು ಕಿಲೋ ಕೊಡ್ತೀರೇನ್ರಿ? ಶುಕ್ರವಾರ ನಾವು ಗುಡಿಗೆ ಹೋಗ್ತೀವಿ, ಮಂಗಳವಾರನೇ ಬರ್ರಿ.” ಪ್ರಶ್ನೆ ‘ನೀವು ಯಾರು’ ಎಂಬಲ್ಲಿಂದ ‘ಎಷ್ಟು, ಯಾವಾಗ’ ಎಂಬಲ್ಲಿಗೆ ಬಂದಿತ್ತು.

ರಿಯಾಯಿತಿಯ ಮಾತು ನನಗೂ ಆಶ್ಚರ್ಯ ತಂದಿತು. 15% ಎಂದ ಕೂಡಲೇ ಹಿರಿಯರು ಮೂಲ ಬೆಲೆ ಎಷ್ಟಿತ್ತು ಎಂದು ಹುಡುಕುತ್ತಾರೆ. ಸಿಗದಿದ್ದರೆ ಏರಿಸಿ ಇಳಿಸಿದ್ದಾರೆ ಎಂದುಕೊಳ್ಳುತ್ತಾರೆ. 770 ಎಂದು ಕೂಡಿಸಿ ಹೇಳಿದಾಗ ಚೌಕಾಸಿಯೇ ಕಡಿಮೆಯಾಯಿತು. ‘ಸ್ಟಾಕ್ ಸೀಮಿತ’ ಎಂಬುದು ಇನ್ನೂ ಕೆಟ್ಟದ್ದು. ಅವಸರ ಮಾಡುವವರನ್ನು ನಂಬಬೇಡಿ ಎಂದು ಬ್ಯಾಂಕಿನವರು, ಪೊಲೀಸರು, ಮೊಮ್ಮಕ್ಕಳು ಎಲ್ಲರೂ ಅವರಿಗೆ ಹೇಳಿಟ್ಟಿದ್ದಾರೆ.

ಕಣ್ಣಿನ ವಿಷಯವೂ ಇದೆ. ವಯಸ್ಸಾದವರು ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಸಿಕೊಂಡಿರುತ್ತಾರೆ. ಟೈಪ್ ಮಾಡಿದ ಸಂದೇಶ ಅದರಂತೆ ದೊಡ್ಡದಾಗುತ್ತದೆ, ಪೋಸ್ಟರಿನೊಳಗಿನ ಅಕ್ಷರ ಆಗುವುದಿಲ್ಲ. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಬಹುದು, ಆದರೆ ಆಗ ಸಾಲಿನ ಅರ್ಧ ಪರದೆಯ ಹೊರಗೆ ಹೋಗುತ್ತದೆ.

ಪೋಸ್ಟರಿನ ಪರವಾಗಿ ಒಂದು ಮಾತು ಹೇಳಲೇಬೇಕು. ಬೆಂಗಳೂರು, ಪುಣೆಯಲ್ಲಿರುವ ಮಕ್ಕಳು ಅದನ್ನೇ ಮೆಚ್ಚಿ ಹಂಚಿದರು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ, ಸಿಕ್ಕಿದ್ದು ಅವರಿಗೆ ಮುಖ್ಯ ಸುದ್ದಿ. ಇಲ್ಲಿನ ಅಜ್ಜಂದಿರಿಗೆ ಗಂಜಿನ ಅಂಗಡಿ ಎಂಬುದೇ ಸಾಕಷ್ಟು ಗುರುತು. ಜೊತೆಗೆ, ಜಿಐ ಹೆಸರನ್ನು ಹಾಗೆಲ್ಲ ಬಳಸುವಂತಿಲ್ಲ, ಅದಕ್ಕೆ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು. ಹಾಗಾಗಿ ಆ ಸಾಲನ್ನು ಪೋಸ್ಟರಿನಿಂದಲೂ ತೆಗೆಸಿದೆ.

ಒಟಿಪಿ ಕೇಳುವುದಿಲ್ಲ ಎಂಬ ಸಾಲಿನ ಬಲವನ್ನು ಹೆಚ್ಚಾಗಿ ಎಣಿಸಬಾರದು. ಮೋಸಗಾರನೂ ಅದನ್ನೇ ಬರೆಯಬಲ್ಲ. ನಂಬಿಕೆ ಹುಟ್ಟಿಸಿದ್ದು ಹೋಗಿ ನೋಡಬಹುದಾದ ವಿಳಾಸ, ಮತ್ತು ಹೇಳಿದ ಹೊತ್ತಿಗೆ ನಿಜವಾಗಿ ಎತ್ತುವ ಫೋನ್. ಮಧ್ಯಾಹ್ನ ಅಂಗಡಿಯವರು ಊಟಕ್ಕೆ ಹೋದಾಗ ಎತ್ತದ ಕರೆಗಳಲ್ಲಿ ಬಹಳಷ್ಟು ತಿರುಗಿ ಬರಲಿಲ್ಲ. ಆಮೇಲೆ ಸಂದೇಶದಲ್ಲಿ ಫೋನ್ ಎತ್ತುವ ಹೊತ್ತನ್ನು “ಬೆಳಿಗ್ಗೆ 10ರಿಂದ 1, ಸಂಜೆ 4ರಿಂದ 7” ಎಂದು ತಿದ್ದಿದೆವು.

ಸರಳ ಸಂದೇಶಕ್ಕೂ ಮಿತಿ ಇದೆ. ‘ಬಿಚ್ಚಿ ನೋಡಿ, ಆಮೇಲೆ ರೊಕ್ಕ’ ಎಂಬುದು ನಮ್ಮ ಹುಡುಗ ಹೋಗುವ ಊರೊಳಗೆ ಮಾತ್ರ ನಡೆಯುತ್ತದೆ. ನಾವು ಬಳಸುವ ಕೊರಿಯರಿನವರು ಹಣ ಕೈಗೆ ಬರುವ ಮುಂಚೆ ಚೀಲ ಬಿಚ್ಚಲು ಬಿಡುವುದಿಲ್ಲ. ಪರವೂರಿಗೆ ಕಳಿಸುವ ಸಂದೇಶದಲ್ಲಿ ಆ ಸಾಲು ತೆಗೆದು ಹೀಗೆ ಬರೆದಿದ್ದೇವೆ: “ಹಣ ಕೊಟ್ಟ ಮೇಲೆಯೇ ಚೀಲ ಬಿಚ್ಚಬಹುದು. ಹುಳು ಇದ್ದರೆ, ತೂಕ ಕಡಿಮೆ ಇದ್ದರೆ, ಮೂರು ದಿನದೊಳಗೆ ಫೋಟೋ ಕಳಿಸಿ ಇಲ್ಲವೆ ಫೋನ್ ಮಾಡಿ ಹೇಳಿ. ಪೂರ್ತಿ ಹಣ ವಾಪಸ್. ಬೇಳೆ ತಿರುಗಿ ಕಳಿಸಬೇಕಿಲ್ಲ. ಹಣ ವಾಪಸ್ ಬರಲು ನೀವು ಪಿನ್ ಒತ್ತಬೇಕಿಲ್ಲ.”